ದೀಪಾವಳಿಗೆ ಚಿನ್ನ ತುಟ್ಟಿಯಾಗುತ್ತಾ? ಸೀಸನ್ ನಿಜಕ್ಕೂ ಏನನ್ನು ಏರಿಸುತ್ತದೆ

2025ರ ಅಕ್ಟೋಬರ್ 18, ಶನಿವಾರ. ಧನತ್ರಯೋದಶಿ. ಒಡವೆ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹತ್ತು ಗ್ರಾಂ ಅಪರಂಜಿ ಚಿನ್ನ 1 ಲಕ್ಷದ 30 ಸಾವಿರದ ಆಸುಪಾಸಿನಲ್ಲಿತ್ತು. "ಹಬ್ಬದ ಬೇಡಿಕೆ, ಚಿನ್ನ ದಾಖಲೆ ಏರಿಕೆ" ಎಂದು ಸುದ್ದಿ ಬಂತು. ಸೋಮವಾರ ವಿಶ್ವ ಮಾರುಕಟ್ಟೆಯಲ್ಲಿ ಒಂದು ಔನ್ಸ್ ಚಿನ್ನ 4,380 ಡಾಲರ್ ಮುಟ್ಟಿತು. ಅದು ಅಲ್ಲಿಯವರೆಗಿನ ದಾಖಲೆ. ಮಂಗಳವಾರ, ದೇಶದ ಎಷ್ಟೋ ಮನೆಗಳಲ್ಲಿ ಲಕ್ಷ್ಮೀಪೂಜೆ ನಡೆಯುತ್ತಿದ್ದಾಗಲೇ, ಅದೇ ಚಿನ್ನ ಒಂದೇ ದಿನಕ್ಕೆ ಶೇ 5ಕ್ಕಿಂತ ಜಾಸ್ತಿ ಬಿತ್ತು. ಬಲಿಪಾಡ್ಯಮಿಯ ಹೊತ್ತಿಗೆ ಇಲ್ಲಿನ ಅಂಗಡಿಗಳ ಬೋರ್ಡಿನಲ್ಲೂ ದರ ಕೆಳಗೆ ಇಳಿದಿತ್ತು.

ಬೇಡಿಕೆ ಜಾಸ್ತಿ ಆದರೆ ಬೆಲೆ ಏರಬೇಕು ಅಂತ ಓದಿದ್ದೇವೆ. ಆದರೆ ವರ್ಷದಲ್ಲೇ ಅತಿ ಹೆಚ್ಚು ಚಿನ್ನ ಮಾರಾಟವಾಗುವ ವಾರದಲ್ಲಿ ಬೆಲೆ ಕುಸಿಯಿತು. ಹಾಗಾದರೆ ಹಬ್ಬಕ್ಕೂ ದರಕ್ಕೂ ಸಂಬಂಧವೇ ಇಲ್ವಾ?

ಇದೆ. ಆದರೆ ಅದು ನಾವು ಹುಡುಕುವ ಜಾಗದಲ್ಲಿಲ್ಲ. ಹಬ್ಬ, ಮದುವೆ ಸೀಸನ್ ಚಿನ್ನದ ಮೂಲ ದರವನ್ನು ಅಲ್ಲಾಡಿಸುವುದು ತೀರಾ ಕಮ್ಮಿ. ಅದು ಅಲ್ಲಾಡಿಸುವುದು ವಿಶ್ವದ ದರಕ್ಕೂ ಇಲ್ಲಿನ ದರಕ್ಕೂ ನಡುವೆ ಇರುವ ಸಣ್ಣ ಅಂತರವನ್ನು. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಬಿಲ್ಲಿನಲ್ಲಿ ದರದ ಕೆಳಗೆ ಬರುವ ಸಾಲುಗಳನ್ನು.

ಮೂಲ ದರ ಎಲ್ಲಿಂದ ಬರುತ್ತದೆ

ಭಾರತ ವರ್ಷಕ್ಕೆ ಸರಿಸುಮಾರು 700ರಿಂದ 800 ಟನ್ ಚಿನ್ನ ಕೊಳ್ಳುತ್ತದೆ. 2024ರಲ್ಲಿ ಇದು 803 ಟನ್ನಿನಷ್ಟಿತ್ತು ಎನ್ನುತ್ತದೆ ವರ್ಲ್ಡ್ ಗೋಲ್ಡ್ ಕೌನ್ಸಿಲ್ ಲೆಕ್ಕ. ನಾವೇ ನೆಲದಿಂದ ತೆಗೆಯುವುದು ಎಷ್ಟು? ಕೋಲಾರದ ಗಣಿ 2001ರಲ್ಲೇ ಮುಚ್ಚಿತು. ಆಮೇಲೆ ಹೇಳಿಕೊಳ್ಳುವಂಥ ಗಣಿ ಅಂದರೆ ಮುಖ್ಯವಾಗಿ ರಾಯಚೂರು ಜಿಲ್ಲೆಯ ಹಟ್ಟಿ. ಅದರ ವರ್ಷದ ಉತ್ಪಾದನೆ ದೇಶದ ಒಂದು ದಿನದ ಖರೀದಿಗೆ ಸಾಕಾದರೆ ಹೆಚ್ಚು. ಉಳಿದದ್ದರಲ್ಲಿ ಹಳೇ ಒಡವೆ ಕರಗಿಸಿ ಬರುವ ಪಾಲು ಬಿಟ್ಟರೆ ಎಲ್ಲವೂ ವಿಮಾನದಲ್ಲಿ ಹೊರಗಿನಿಂದ ಬರಬೇಕು.

ಹೊರಗಿನಿಂದ ತರುವವನು ಹೊರಗಿನ ಬೆಲೆಯನ್ನೇ ಕೊಡಬೇಕು. ಆ ಬೆಲೆ ಲಂಡನ್ನಿನ ಗಟ್ಟಿ ವ್ಯಾಪಾರದಲ್ಲಿ, ಮುಂದಿನ ತಾರೀಕಿಗೆ ಇವತ್ತೇ ದರ ಕುದುರಿಸುವ ನ್ಯೂಯಾರ್ಕಿನ ಫ್ಯೂಚರ್ಸ್‌ನಲ್ಲಿ, ಶಾಂಘೈನಲ್ಲಿ ನಿಲ್ಲುತ್ತದೆ. ಲಂಡನ್ನಿನಲ್ಲಿ ದಿನಕ್ಕೆ ನೂರಾರು ಟನ್ನಿನ ಲೆಕ್ಕ ಚುಕ್ತಾ ಆಗುತ್ತದೆ. ಅಮೆರಿಕದ ಬಡ್ಡಿ ದರ, ಡಾಲರ್ ಬಲ, ಯುದ್ಧದ ಭಯ, ಬೇರೆ ಬೇರೆ ದೇಶಗಳ ಕೇಂದ್ರ ಬ್ಯಾಂಕುಗಳ ಖರೀದಿ ಇವೆಲ್ಲ ಅಲ್ಲಿ ಕೆಲಸ ಮಾಡುತ್ತವೆ. ನಮ್ಮ ದೀಪಾವಳಿ ಆ ಕಡಲಿಗೆ ಒಂದು ಹೊಳೆ ಸೇರಿದ ಹಾಗೆ.

ಈ ಬೆಲೆ ನಮ್ಮ ಅಂಗಡಿಯ ಬೋರ್ಡಿಗೆ ಬರುವ ದಾರಿಯನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡೋಣ. ಲೆಕ್ಕ ಸುಲಭ ಆಗಲಿ ಅಂತ ಔನ್ಸ್‌ಗೆ 4,000 ಡಾಲರ್, ಡಾಲರ್‌ಗೆ 88 ರೂಪಾಯಿ ಅಂದುಕೊಳ್ಳಿ. ಒಂದು ಔನ್ಸ್ ಅಂದರೆ 31.1035 ಗ್ರಾಂ.

4,000ವನ್ನು 88ರಿಂದ ಗುಣಿಸಿ 31.1035ರಿಂದ ಭಾಗಿಸಿದರೆ ಗ್ರಾಂಗೆ 11,317 ರೂಪಾಯಿ. ಇದರ ಮೇಲೆ ಆಮದು ಸುಂಕ. 2024ರ ಜುಲೈ 23ರ ಬಜೆಟ್‌ನಲ್ಲಿ ಇದನ್ನು ಶೇ 15ರಿಂದ ಶೇ 6ಕ್ಕೆ ಇಳಿಸಲಾಯಿತು. 2025ರ ದೀಪಾವಳಿಗೆ ಇದ್ದ ಆ ಶೇ 6 ಸೇರಿಸಿದರೆ 11,996 ರೂಪಾಯಿ. ಆಮೇಲೆ ಶೇ 3 ಜಿಎಸ್‌ಟಿ. ಒಟ್ಟು 12,356.

ಇದನ್ನು ವ್ಯಾಪಾರಿಗಳು ಇಲ್ಲಿಗೆ ಬಂದು ಬೀಳುವ ಬೆಲೆ ಅನ್ನುತ್ತಾರೆ. ಇದರಲ್ಲಿ ಎಲ್ಲಿಯೂ ಹಬ್ಬದ ಹೆಸರಿಲ್ಲ, ಮದುವೆಯ ಹೆಸರಿಲ್ಲ. ಡಾಲರ್ ದರ, ರೂಪಾಯಿ, ಸುಂಕ, ತೆರಿಗೆ ಅಷ್ಟೇ.

ಪ್ರೀಮಿಯಂ ಮತ್ತು ಡಿಸ್ಕೌಂಟ್

ಸೀಸನ್ ಕಾಣುವುದು ಇದರ ಮುಂದಿನ ಮೆಟ್ಟಿಲಲ್ಲಿ. ಆಮದು ಮಾಡಿದ ಬ್ಯಾಂಕು ಅಥವಾ ಗಟ್ಟಿ ವ್ಯಾಪಾರಿ ಒಡವೆ ಅಂಗಡಿಯವನಿಗೆ ಕಿಲೋ ಗಟ್ಟಿ ಮಾರುವಾಗ ಬಂದು ಬೀಳುವ ಬೆಲೆಗೇ ಕೊಡಬೇಕೆಂದಿಲ್ಲ. ಮಾಲು ಕಮ್ಮಿ ಇದ್ದು ಕೇಳುವವರು ಜಾಸ್ತಿ ಇದ್ದರೆ ಔನ್ಸ್‌ಗೆ ಐದೋ ಹತ್ತೋ ಡಾಲರ್ ಮೇಲೆ ಕೇಳುತ್ತಾನೆ. ಅದು ಪ್ರೀಮಿಯಂ. ಮಾಲು ಬಿದ್ದುಕೊಂಡಿದ್ದರೆ ಅಷ್ಟೇ ಕೆಳಗೆ ಕೊಡುತ್ತಾನೆ. ಅದು ಡಿಸ್ಕೌಂಟ್. ನಿಮ್ಮ ಬಿಲ್ಲಿನಲ್ಲಿ ಈ ಎರಡು ಪದ ಬರುವುದೇ ಇಲ್ಲ. ಬೋರ್ಡಿನ ದರದೊಳಗೇ ಕರಗಿರುತ್ತವೆ.

ಬಂದು ಬೀಳುವ ಬೆಲೆಗಿಂತ ಕೆಳಗೆ ಮಾರಿದರೆ ನಷ್ಟ ಅಲ್ವಾ ಎಂಬ ಪ್ರಶ್ನೆ ಏಳಬಹುದು. ತಂದಿಟ್ಟ ಚಿನ್ನಕ್ಕೆ ದಿನದಿನವೂ ಬಡ್ಡಿ ಓಡುತ್ತಿರುತ್ತದೆ, ಇಟ್ಟುಕೊಂಡು ಕೂರುವುದೂ ನಷ್ಟವೇ. ಇನ್ನೊಂದು ಕಾರಣ, ಜನ ತಂದು ಮಾರಿದ ಹಳೇ ಚಿನ್ನ. ಕರಗಿಸಿ ಶುದ್ಧ ಮಾಡಿದ ಆ ಗಟ್ಟಿ ಹೊಸದಾಗಿ ಸುಂಕ ಕಟ್ಟಬೇಕಿಲ್ಲ. ಹಾಗಾಗಿ ಅದು ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ. ಕಳ್ಳಸಾಗಣೆಯ ಮಾಲೂ ಹೀಗೇ. ಸುಂಕ ಶೇ 15 ಇದ್ದಾಗ ಇದರ ಆಸೆ ದೊಡ್ಡದಿತ್ತು. ಇಂಥ ಚಿನ್ನ ಮಾರುಕಟ್ಟೆಗೆ ಬಂದಾಗ ಸುಂಕ ಕಟ್ಟಿ ತಂದವನೂ ಬೆಲೆ ಇಳಿಸಲೇಬೇಕಾಗುತ್ತದೆ.

2025ರ ದೀಪಾವಳಿಗೆ ಮುಂಚಿನ ವಾರದಲ್ಲಿ ಇಲ್ಲಿನ ಪ್ರೀಮಿಯಂ ಔನ್ಸ್‌ಗೆ ಸುಮಾರು 25 ಡಾಲರ್ ತಲುಪಿತ್ತು. ಹಿಂದಿನ ಹತ್ತು ವರ್ಷದಲ್ಲಿ ಅಷ್ಟು ಕಂಡಿರಲಿಲ್ಲ. ಹಬ್ಬ ಮುಗಿದು ಕೆಲವೇ ವಾರಗಳಲ್ಲಿ ಅದು ಕರಗಿ ಡಿಸ್ಕೌಂಟ್‌ಗೆ ತಿರುಗಿತು. ಸೀಸನ್ನಿನ ನಾಡಿ ಹಿಡಿಯಬೇಕೆಂದರೆ ಹಿಡಿಯಬೇಕಾದ್ದು ಇಲ್ಲಿ.

ಈಗ ಇದನ್ನು ರೂಪಾಯಿಗೆ ಇಳಿಸಿ. ನಮ್ಮ ಲೆಕ್ಕದಲ್ಲಿ 25 ಡಾಲರ್ ಪ್ರೀಮಿಯಂ ಅಂದರೆ ಗ್ರಾಂಗೆ 71 ರೂಪಾಯಿ. 12 ಸಾವಿರದ ಮುಂದೆ 71. ಶೇ 1 ಕೂಡ ಇಲ್ಲ. ಅದೇ ಡಾಲರ್ 88ರಿಂದ 89ಕ್ಕೆ ಹೋದರೆ ಸುಂಕವೂ ಸೇರಿ ಗ್ರಾಂಗೆ 136 ರೂಪಾಯಿ ಏರುತ್ತದೆ. ವಿಶ್ವ ಮಾರುಕಟ್ಟೆ ಒಂದು ದಿನ ಶೇ 5 ಬಿದ್ದರೆ ಗ್ರಾಂಗೆ 600 ರೂಪಾಯಿ ಇಳಿಯುತ್ತದೆ. ಹತ್ತು ವರ್ಷದ ಅತಿ ದೊಡ್ಡ ಹಬ್ಬದ ಪ್ರೀಮಿಯಂ 71 ರೂಪಾಯಿ ಮೇಲೆ ತಳ್ಳುತ್ತಿದ್ದಾಗ ಹೊರಗಿನ ಮಾರುಕಟ್ಟೆ ಒಂದೇ ದಿನದಲ್ಲಿ 600 ಕೆಳಗೆ ಎಳೆಯಿತು. ಆ ಮಂಗಳವಾರ ಆಗಿದ್ದು ಇಷ್ಟೇ. ಬೇಡಿಕೆ ಸುಳ್ಳಾಗಿರಲಿಲ್ಲ, ಅದರ ಕೈ ಚಿಕ್ಕದಿತ್ತು.

ಅದೇ ವರ್ಷದ ಅಕ್ಷಯ ತೃತೀಯವೂ ಇದೇ ಕಥೆ. ಏಪ್ರಿಲ್ 22ರಂದು ಚಿನ್ನ 3,500 ಡಾಲರ್ ಮುಟ್ಟಿತ್ತು. ಹಬ್ಬ ಇದ್ದದ್ದು 30ಕ್ಕೆ. ಆ ಎಂಟು ದಿನದಲ್ಲಿ ಅದು 3,300ಕ್ಕೂ ಕೆಳಗೆ ಬಂದಿತ್ತು. ಅಮೆರಿಕ ಮತ್ತು ಚೀನಾ ನಡುವಿನ ಸುಂಕದ ಜಗಳ ತಣ್ಣಗಾಗುವ ಸೂಚನೆ ಸಿಕ್ಕಿದ್ದು ಮುಖ್ಯ ಕಾರಣ. ನಮ್ಮ ಪಂಚಾಂಗವನ್ನು ಅಲ್ಲಿ ಯಾರೂ ನೋಡಿರಲಿಲ್ಲ.

ಪಂಚಾಂಗ ಬೇಡಿಕೆಯನ್ನು ಹೇಗೆ ಗುಡ್ಡೆ ಹಾಕುತ್ತದೆ

ದೇಶದ ಒಟ್ಟು ಚಿನ್ನದ ಬೇಡಿಕೆಯಲ್ಲಿ ಅರ್ಧದಷ್ಟು ಮದುವೆಗಳಿಂದ ಬರುತ್ತದೆ ಎಂಬುದು ವರ್ಲ್ಡ್ ಗೋಲ್ಡ್ ಕೌನ್ಸಿಲ್ ಅಂದಾಜು. ಇಲ್ಲಿ ಒಂದು ಸೂಕ್ಷ್ಮ ಇದೆ. ಮಗಳ ಮದುವೆಗೆ 80 ಗ್ರಾಂ ಒಡವೆ ಬೇಕು ಅಂತ ತೀರ್ಮಾನವಾದ ಮನೆಯಲ್ಲಿ ಆ ಬೇಡಿಕೆಯನ್ನು ಧನತ್ರಯೋದಶಿ ಹುಟ್ಟಿಸುವುದಿಲ್ಲ. ಅದು ಹೇಗೂ ಇರುತ್ತದೆ. ಮದುವೆ ಮಾಘದಲ್ಲಿ, ದೀಪಾವಳಿ ಮುಂಚೆಯೇ ಬರುತ್ತದೆ, ಒಳ್ಳೇ ದಿನ ಅಂತ ಅವತ್ತೇ ತೆಗೆದಿಡುತ್ತಾರೆ. ಅಂದರೆ ಹಬ್ಬ ಬಹಳಷ್ಟು ಸಲ ಹೊಸ ಬೇಡಿಕೆ ತರುವುದಿಲ್ಲ. ಮೂರು ತಿಂಗಳಲ್ಲಿ ಹರಡಿಕೊಂಡು ಆಗಬೇಕಿದ್ದ ಖರೀದಿಯನ್ನು ಮೂರು ದಿನಕ್ಕೆ ಗುಡ್ಡೆ ಹಾಕುತ್ತದೆ. ಹಬ್ಬ ಮುಗಿದ ತಕ್ಷಣ ಪ್ರೀಮಿಯಂ ಡಿಸ್ಕೌಂಟ್ ಆಗುವುದು ಇದೇ ಕಾರಣಕ್ಕೆ. ಮುಂದಿನ ತಿಂಗಳ ಗಿರಾಕಿ ಆಗಲೇ ಬಂದು ಹೋಗಿರುತ್ತಾನೆ.

ನಮ್ಮ ಕಡೆ ವರ್ಷದ ಏರಿಳಿತ ಹೀಗಿರುತ್ತದೆ. ಯುಗಾದಿ, ಅಕ್ಷಯ ತೃತೀಯದ ಸುತ್ತ ಒಂದು ಅಲೆ, ಜೊತೆಗೆ ಬೇಸಿಗೆ ಮದುವೆಗಳು. ಆಷಾಢದಲ್ಲಿ ಲಗ್ನ ಇಲ್ಲ, ಅಂಗಡಿ ಖಾಲಿ. ಶ್ರಾವಣ ಬಂದು ವರಮಹಾಲಕ್ಷ್ಮಿ ಹಬ್ಬಕ್ಕೆ ಮತ್ತೆ ಜನ ಬರುತ್ತಾರೆ. ಪಿತೃಪಕ್ಷದಲ್ಲಿ ಹದಿನೈದು ದಿನ ತಣ್ಣಗೆ. ನವರಾತ್ರಿಯಿಂದ ದೀಪಾವಳಿ, ಅಲ್ಲಿಂದ ಮದುವೆಗಳು. ಧನುರ್ಮಾಸ ಬಂದರೆ ಮತ್ತೆ ಸಂಕ್ರಾಂತಿಯವರೆಗೆ ವಿರಾಮ. ಅಧಿಕ ಮಾಸ ಬಂದ ವರ್ಷ ಹಬ್ಬಗಳೆಲ್ಲ ಮುಂದಕ್ಕೆ ಜಾರುತ್ತವೆ. ಹಾಗಾಗಿ "ಹೋದ ವರ್ಷದ ಇದೇ ತಿಂಗಳಿಗಿಂತ ಮಾರಾಟ ಕುಸಿತ" ಎಂಬ ಸುದ್ದಿ ಬಂದರೆ ಎರಡೂ ವರ್ಷದ ಪಂಚಾಂಗ ತೆಗೆದು ನೋಡುವುದು ಒಳ್ಳೆಯದು. ಹಬ್ಬ ಅಕ್ಟೋಬರ್‌ನಿಂದ ನವೆಂಬರ್‌ಗೆ ಹೋಗಿದ್ದರೆ ಅದೇ ಸಾಕು ಅಂಕಿ ತಲೆಕೆಳಗಾಗಲು.

ಇನ್ನೊಂದು ವಿಷಯ ಗಿರಾಕಿಗಳಿಗೆ ಕಾಣುವುದಿಲ್ಲ. ಸಗಟು ಮಾರುಕಟ್ಟೆಯಲ್ಲಿ ಸೀಸನ್ ಹಬ್ಬದ ದಿನ ಬರುವುದಿಲ್ಲ, ವಾರಗಳ ಮುಂಚೆಯೇ ಬರುತ್ತದೆ. ಧನತ್ರಯೋದಶಿಗೆ ಶೋಕೇಸಿನಲ್ಲಿ ಇರಬೇಕಾದ ಸರಕ್ಕೆ ಗಟ್ಟಿ ಕೊಂಡು, ಅಕ್ಕಸಾಲಿಗರಿಗೆ ಕೊಟ್ಟು, ಮಾಡಿಸಿ, ಹಾಲ್‌ಮಾರ್ಕ್ ಹಾಕಿಸಿ ತರಬೇಕು. ಬೆಂಗಳೂರಿನ ನಗರ್ತಪೇಟೆಯಂಥ ಕಡೆ ಚಿಕ್ಕ ಚಿಕ್ಕ ಕೋಣೆಗಳಲ್ಲಿ ಕೂತು ಕೆಲಸ ಮಾಡುವವರ ಕೈಗೆ ಒಂದು ವೇಗ ಇದೆ, ಅದಕ್ಕಿಂತ ಬೇಗ ಓಡಿಸಲು ಆಗುವುದಿಲ್ಲ. ಹಾಗಾಗಿ ಒಡವೆಗೆ ಬೇಕಾದ ಚಿನ್ನದ ಖರೀದಿ ಮುಂಚೆ. ಕೊನೆಯ ವಾರದ ನೂಕುನುಗ್ಗಲು ಹೆಚ್ಚಾಗಿ ನಾಣ್ಯ ಮತ್ತು ಬಿಸ್ಕತ್ತಿನದು, ಅವಕ್ಕೆ ಅಕ್ಕಸಾಲಿಗನ ಕೈ ಬೇಕಿಲ್ಲ.

ಪ್ರೀಮಿಯಂ ಯಾಕೆ ಆಕಾಶಕ್ಕೆ ಹೋಗುವುದಿಲ್ಲ, ಒಮ್ಮೆ ಯಾಕೆ ಹೋಯಿತು

ಮದುವೆ ಸೀಸನ್‌ನಲ್ಲಿ ಮಲ್ಲಿಗೆ ಹೂವಿನ ಬೆಲೆ ನಾಲ್ಕು ಪಟ್ಟಾಗುತ್ತದೆ. ಚಿನ್ನ ಯಾಕೆ ಹಾಗಾಗುವುದಿಲ್ಲ? ಹೂವು ಇವತ್ತು ಬಿಟ್ಟಷ್ಟೇ, ಅದನ್ನು ಕಳೆದ ತಿಂಗಳಿಂದ ತೆಗೆದಿಡಲು ಆಗುವುದಿಲ್ಲ. ಚಿನ್ನ ಕೆಡುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲೋ ದುಬೈನಲ್ಲೋ ಕಿಲೋ ಗಟ್ಟಿಗಳು ಸಿದ್ಧವಾಗಿರುತ್ತವೆ. ಇಲ್ಲಿ ಪ್ರೀಮಿಯಂ ಹತ್ತು ಡಾಲರ್ ದಾಟಿದ ಕೂಡಲೇ ತರುವವನಿಗೆ ಲಾಭ ಕಾಣುತ್ತದೆ. ಕೆಲವೇ ದಿನದಲ್ಲಿ ವಿಮಾನ ಇಳಿಯುತ್ತದೆ. ಮಾಲು ಬಂತು, ಪ್ರೀಮಿಯಂ ಇಳಿಯಿತು. ದಾರಿ ತೆರೆದಿರುವವರೆಗೆ ಇದು ತನ್ನಷ್ಟಕ್ಕೆ ಸರಿಹೋಗುವ ಲೆಕ್ಕ.

ದಾರಿ ಮುಚ್ಚಿದರೆ ಏನಾಗುತ್ತದೆ ಅನ್ನುವುದನ್ನು 2013 ತೋರಿಸಿತು. ಆ ವರ್ಷ ರೂಪಾಯಿ ಕುಸಿಯುತ್ತಿತ್ತು. ಚಿನ್ನದ ಆಮದಿಗೆ ಹೋಗುವ ಡಾಲರ್ ಉಳಿಸಲು ಸರ್ಕಾರ ವರ್ಷದೊಳಗೆ ಸುಂಕವನ್ನು ಹಂತ ಹಂತವಾಗಿ ಶೇ 10ಕ್ಕೆ ಏರಿಸಿತು. ಅದರ ಜೊತೆಗೆ ಜುಲೈನಲ್ಲಿ ರಿಸರ್ವ್ ಬ್ಯಾಂಕ್ 80:20 ನಿಯಮ ತಂದಿತು. ತಂದ ಚಿನ್ನದಲ್ಲಿ ಐದನೇ ಒಂದು ಭಾಗ ಒಡವೆಯಾಗಿ ರಫ್ತಾಗಬೇಕು, ಆಮೇಲಷ್ಟೇ ಮುಂದಿನ ಕಂತು ತರಬಹುದು. ನಿಯಮ ಹೇಗೆ ಪಾಲಿಸಬೇಕು ಎಂಬುದೇ ಮೊದಮೊದಲು ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ, ಆಮದು ಹೆಚ್ಚುಕಮ್ಮಿ ನಿಂತೇ ಹೋಯಿತು.

ಅಷ್ಟರಲ್ಲಿ ಹಬ್ಬ ಬಂತು, ಹಿಂದೆಯೇ ಮದುವೆಗಳು. ಗಿರಾಕಿ ಬಾಗಿಲಲ್ಲಿ, ಮಾಲು ಬರುವ ದಾರಿ ಬಂದ್. ಡಿಸೆಂಬರ್ ಮೊದಲ ವಾರಗಳಲ್ಲಿ ಪ್ರೀಮಿಯಂ ಔನ್ಸ್‌ಗೆ 160 ಡಾಲರ್ ಮುಟ್ಟಿತು. ಆಗ ಚಿನ್ನದ ಬೆಲೆಯೇ 1,250 ಡಾಲರ್ ಆಸುಪಾಸು. ಅಂದರೆ ಸುಂಕದ ಮೇಲೆ ಇನ್ನೊಂದು ಶೇ 12ರಿಂದ 13. ಆಗಿನ ಡಾಲರ್ ದರದಲ್ಲಿ ಗ್ರಾಂಗೆ 300 ರೂಪಾಯಿಗೂ ಹೆಚ್ಚು. ಒಂದು ಗ್ರಾಂ ಬೆಲೆ 3 ಸಾವಿರದ ಆಸುಪಾಸಿನಲ್ಲಿದ್ದ ಕಾಲ ಅದು ಎಂಬುದು ನೆನಪಿರಲಿ. ವಿಶ್ವದಲ್ಲಿ ಚಿನ್ನ ಇಳಿಯುತ್ತಿದ್ದ ವರ್ಷವೇ ಇಲ್ಲಿ ಕೊಳ್ಳುವವನಿಗೆ ಅದು ಪೂರ್ತಿ ದಕ್ಕಲಿಲ್ಲ. 80:20 ನಿಯಮವನ್ನು 2014ರ ನವೆಂಬರ್ ಕೊನೆಗೆ ಕೈಬಿಟ್ಟರು, ಆ ಮಟ್ಟದ ಪ್ರೀಮಿಯಂ ಆಮೇಲೆ ಮರಳಿ ಬರಲಿಲ್ಲ.

ಎರಡೂ ವರ್ಷ ಜನರ ಆಸೆ ಒಂದೇ, ಹಬ್ಬ ಒಂದೇ. ಒಂದು ಸಲ 25 ಡಾಲರ್, ಇನ್ನೊಂದು ಸಲ 160. ವ್ಯತ್ಯಾಸ ಇದ್ದದ್ದು ಮಾಲು ಬರುವ ದಾರಿಯಲ್ಲಿ. ಆದ್ದರಿಂದ ಮುಂದೆ ಯಾವಾಗಲಾದರೂ ಸೀಸನ್ನಿಗೆ ಮುಂಚೆ ಆಮದಿನ ಮೇಲೆ ಹೊಸ ನಿರ್ಬಂಧದ ಸುದ್ದಿ ಬಂದರೆ, ಸ್ಥಳೀಯ ದರ ನಿಜಕ್ಕೂ ಹೊರಗಿನ ದರದಿಂದ ಕಳಚಿಕೊಳ್ಳುವ ಸಾಧ್ಯತೆ ಇದೆ. ಸುಂಕ ಏರಿಕೆ ಒಂದೇ ಆದರೆ ಅಷ್ಟು ಭಯ ಬೇಡ. ಸುಂಕ ಎಷ್ಟೋ ಅಷ್ಟೇ ಏರುತ್ತದೆ. ಪ್ರಮಾಣಕ್ಕೆ ಕಡಿವಾಣ ಬಿದ್ದಾಗಲೇ ಪ್ರೀಮಿಯಂಗೆ ಲಂಗು ಲಗಾಮು ಇಲ್ಲದಂತಾಗುವುದು.

ಬೆಲೆಯೇ ಬೇಡಿಕೆಯನ್ನು ತಿರುಗಿಸಿದಾಗ

ಇಲ್ಲಿಯವರೆಗೆ ಬೇಡಿಕೆ ಬೆಲೆಗೆ ಏನು ಮಾಡುತ್ತದೆ ಅಂತ ನೋಡಿದೆವು. ಉಲ್ಟಾ ದಿಕ್ಕು ಇದಕ್ಕಿಂತ ಬಲವಾದದ್ದು. 2025ರ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ಭಾರತದ ಒಟ್ಟು ಬೇಡಿಕೆ 209 ಟನ್ನಿಗೆ ಇಳಿಯಿತು. ಹಿಂದಿನ ವರ್ಷಕ್ಕಿಂತ ಶೇ 16 ಕಮ್ಮಿ. ಒಡವೆಯಂತೂ ಶೇ 31 ಬಿತ್ತು. ಆದರೆ ಜನ ಕೊಟ್ಟ ಒಟ್ಟು ಹಣ ಶೇ 23 ಏರಿತ್ತು. ನಾಣ್ಯ, ಬಿಸ್ಕತ್ತು ಕೊಳ್ಳುವವರು ಜಾಸ್ತಿಯಾಗಿದ್ದರು.

ಹಬ್ಬದ ಮಾರಾಟದ ಸುದ್ದಿ ಓದುವಾಗ ಈ ಅಂಕಿಗಳನ್ನು ತಲೆಯಲ್ಲಿಟ್ಟುಕೊಳ್ಳಬೇಕು. "ಸಾವಿರಾರು ಕೋಟಿ ವಹಿವಾಟು, ದಾಖಲೆ" ಅಂದಾಗ ಅದು ರೂಪಾಯಿಯ ದಾಖಲೆ, ಗ್ರಾಂನದ್ದಲ್ಲ. ಮನೆಯಲ್ಲಿ ಒಡವೆಗೆ ಅಂತ ಎತ್ತಿಟ್ಟ ಹಣ ಎರಡು ಲಕ್ಷ ಇದ್ದರೆ ದರ ಏರಿದಾಗ ಅದು ನಾಲ್ಕು ಲಕ್ಷ ಆಗುವುದಿಲ್ಲ. ಸರ ತೆಳ್ಳಗಾಗುತ್ತದೆ. ಇಲ್ಲವೇ ಅಜ್ಜಿಯ ಕಾಲದ ಡಾಬು, ಕಡಗ ಹೊರಗೆ ಬಂದು ಹೊಸ ಒಡವೆಗೆ ಬದಲಾಗುತ್ತದೆ. ಹೀಗೆ ಹಳೇ ಚಿನ್ನ ಅಂಗಡಿಗೆ ಬಂದಷ್ಟೂ ಹೊಸ ಗಟ್ಟಿಯ ಅಗತ್ಯ ಕಮ್ಮಿ. ಅಂಗಡಿ ತುಂಬಿದ್ದರೂ ಸಗಟಿನಲ್ಲಿ ಪ್ರೀಮಿಯಂ ಏರದೇ ಇರುವುದಕ್ಕೆ ಇದೂ ಒಂದು ಕಾರಣ. ಜನಜಂಗುಳಿ ನೋಡಿ ಬೇಡಿಕೆ ಅಳೆಯಲು ಹೋದರೆ ಮೋಸ ಹೋಗುತ್ತೇವೆ.

ಎರಡು ಪಕ್ಷದ ವಾದ

ವ್ಯಾಪಾರಿಗಳ ಮಾತು ಒಂದು ಕಡೆ. ಸೀಸನ್ ಬಂದರೆ ದರ ಏರೇ ಏರುತ್ತದೆ, ಈಗಲೇ ತೆಗೆದಿಡಿ ಅನ್ನುತ್ತಾರೆ. ಅವರ ಅನುಭವಕ್ಕೆ ಆಧಾರ ಇಲ್ಲದಿಲ್ಲ. ಸಗಟಿನಲ್ಲಿ ಪ್ರೀಮಿಯಂ ಕಟ್ಟುವವರು ಅವರೇ. ವಿಶ್ವ ಮಾರುಕಟ್ಟೆಯ ದಶಕಗಳ ಅಂಕಿ ಹಿಡಿದು ನೋಡಿದವರೂ ಸೆಪ್ಟೆಂಬರ್ ಮತ್ತು ನವೆಂಬರ್ ತಿಂಗಳು ಚಿನ್ನಕ್ಕೆ ಉಳಿದ ತಿಂಗಳಿಗಿಂತ ಚೆನ್ನಾಗಿದ್ದವು ಎಂದಿದ್ದಾರೆ. ಅದಕ್ಕೆ ಭಾರತದ ಮದುವೆಗಳೂ ಒಂದು ಕಾರಣ ಇರಬಹುದು ಎಂಬ ವಾದ ಇದೆ.

ಇನ್ನೊಂದು ಕಡೆಯವರು ಹೇಳುವುದು, ಭಾರತ ಬೆಲೆ ಹೇಳುವ ದೇಶ ಅಲ್ಲ, ಹೇಳಿದ ಬೆಲೆಗೆ ಕೊಳ್ಳುವ ದೇಶ. ಹಬ್ಬ ಯಾವತ್ತು ಎಂಬುದು ಇಡೀ ಜಗತ್ತಿಗೆ ಮುಂಚೆಯೇ ಗೊತ್ತು. ಗೊತ್ತಿರುವ ಬೇಡಿಕೆಯನ್ನು ಮಾರುಕಟ್ಟೆ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತದೆ. ದೀಪಾವಳಿ ಬಂತು ಅಂತ ಅವತ್ತು ಬೆಚ್ಚಿಬೀಳುವವರು ಯಾರೂ ಇಲ್ಲ.

ಈ ಎರಡರಲ್ಲಿ ಎರಡನೆಯದೇ ಹೆಚ್ಚು ಗಟ್ಟಿ. ಹತ್ತಾರು ವರ್ಷದ ಸರಾಸರಿಯಲ್ಲಿ ಒಂದು ತಿಂಗಳು ಚೂರು ಚೆನ್ನಾಗಿ ಕಾಣುವುದು ಬೇರೆ, ಈ ವರ್ಷ ಈ ವಾರ ಏರುತ್ತದೆ ಎನ್ನುವುದು ಬೇರೆ. 2025ರ ಎರಡು ದೊಡ್ಡ ಹಬ್ಬಗಳೂ ಇಳಿತದ ಜೊತೆ ಬಂದವು. ಹಾಗಂತ ವ್ಯಾಪಾರಿಯ ಮಾತು ಪೂರ್ತಿ ಸುಳ್ಳಲ್ಲ. ಅವನು ನೋಡುವುದು ಪ್ರೀಮಿಯಂ, ಹೇಳುವುದು ದರ. ಗೊಂದಲ ಅಲ್ಲಿ.

ಸೀಸನ್ ಬಿಲ್ಲಿನ ಯಾವ ಸಾಲಿನಲ್ಲಿ ಕೂತಿದೆ

ಒಂದು ಸರ ತೆಗೆದುಕೊಳ್ಳೋಣ. 22 ಕ್ಯಾರೆಟ್, 916 ಹಾಲ್‌ಮಾರ್ಕ್, 20 ಗ್ರಾಂ. ಮೇಲಿನ ಲೆಕ್ಕದಲ್ಲಿ ಜಿಎಸ್‌ಟಿಗೆ ಮುಂಚಿನ 11,996 ಅಪರಂಜಿಯ ದರ. ಅದನ್ನು 22 ಕ್ಯಾರೆಟ್‌ಗೆ ಇಳಿಸಿದರೆ ಗ್ರಾಂಗೆ ಸುಮಾರು 11,000. ಇಪ್ಪತ್ತು ಗ್ರಾಂಗೆ 2,20,000 ರೂಪಾಯಿ. ಮಜೂರಿ, ಅಂದರೆ ಮೇಕಿಂಗ್ ಚಾರ್ಜು ಮತ್ತು ವೇಸ್ಟೇಜ್ ಸೇರಿ ಶೇ 12 ಅಂದುಕೊಳ್ಳಿ. 26,400. ಎರಡೂ ಕೂಡಿ 2,46,400. ಅದರ ಮೇಲೆ ಶೇ 3 ಜಿಎಸ್‌ಟಿ 7,392. ಬಿಲ್ 2,53,792 ರೂಪಾಯಿ.

ಈಗ 25 ಡಾಲರ್ ಪ್ರೀಮಿಯಂ ಪೂರ್ತಿ ನಿಮ್ಮ ತಲೆಗೇ ಬಂತು ಅನ್ನಿ. 22 ಕ್ಯಾರೆಟ್‌ಗೆ ಗ್ರಾಂಗೆ 65 ರೂಪಾಯಿ. ಇಡೀ ಸರಕ್ಕೆ 1,300. ಅದೇ ಮಜೂರಿ ಶೇ 12ರ ಬದಲು ಶೇ 16 ಆಗಿದ್ದರೆ 8,800 ರೂಪಾಯಿ ಜಾಸ್ತಿ. ದರದ ಬೋರ್ಡ್ ನೋಡಿ "ಹಬ್ಬಕ್ಕೆ ಏರಿಸಿಬಿಟ್ಟರು" ಎಂದು ಗೊಣಗುವಾಗ ಅದರ ಆರೇಳು ಪಟ್ಟು ಹಣ ಎರಡನೇ ಸಾಲಿನಲ್ಲಿ ಸುಮ್ನೆ ಹೋಗಿರುತ್ತದೆ.

ಮೂಲ ದರವನ್ನು ಅಂಗಡಿಯವನು ಇಷ್ಟ ಬಂದ ಹಾಗೆ ಇಡಲು ಆಗುವುದಿಲ್ಲ. ವ್ಯಾಪಾರಿ ಸಂಘಗಳು ದರ ಹೇಳುತ್ತವೆ, ಪಕ್ಕದ ಅಂಗಡಿಯಲ್ಲೂ ಅದೇ ಬೋರ್ಡ್, ಮೊಬೈಲಿನಲ್ಲೂ ಕಾಣುತ್ತದೆ. ಮಜೂರಿ ಮಾತ್ರ ಅವನ ಕೈಯಲ್ಲಿದೆ. ಅದಕ್ಕೇ ಸೀಸನ್ನಿನ ಆಟವೆಲ್ಲ ಅಲ್ಲಿ. ಆಷಾಢದಲ್ಲಿ ಗಿರಾಕಿ ಇಲ್ಲದಾಗ ಮಜೂರಿ ಮೇಲೆ ಕಡಿತ. ಹಬ್ಬಕ್ಕೆ "ಮಜೂರಿಯಲ್ಲಿ ಅರ್ಧ ರಿಯಾಯಿತಿ" ಎಂಬ ಬ್ಯಾನರ್ ಇದ್ದರೂ ಅದು ಎಷ್ಟರಲ್ಲಿ ಅರ್ಧ ಅನ್ನುವುದು ಮುಖ್ಯ. ಶೇ 20ರ ಅರ್ಧ ಶೇ 10. ಅದೇ ಸರ ಹೋದ ತಿಂಗಳು ಶೇ 11ಕ್ಕೆ ಸಿಗುತ್ತಿದ್ದರೆ ನಿಜವಾದ ರಿಯಾಯಿತಿ ಶೇ 1. ಮಜೂರಿಯೇ ಇಲ್ಲ ಅನ್ನುವ ಕಡೆ ಗ್ರಾಂ ದರ ಸಂಘದ ದರಕ್ಕಿಂತ ಮೇಲಿದೆಯಾ, ಹಳೇ ಚಿನ್ನ ಕೊಟ್ಟರೆ ಎಷ್ಟು ಕಳೆಯುತ್ತಾರೆ, ಕಲ್ಲಿನ ತೂಕವನ್ನು ಚಿನ್ನದ ದರದಲ್ಲಿ ಹಾಕಿದ್ದಾರಾ ಅಂತ ನೋಡಬೇಕಾಗುತ್ತದೆ. ಹಣ ಎಲ್ಲಿಂದಲೋ ಬರಲೇಬೇಕಲ್ಲ.

ಹಬ್ಬಕ್ಕೆ ಮುಂಚೆ ಮುಂಗಡ ಕೊಟ್ಟು ದರ ಹಿಡಿದಿಡುವ ಯೋಜನೆಯೂ ಇದೆ. ಬುಕ್ ಮಾಡಿದ ದಿನದ ದರ, ಕೊಳ್ಳುವ ದಿನದ ದರ, ಎರಡರಲ್ಲಿ ಕಮ್ಮಿ ಯಾವುದೋ ಅದು. 2025ರ ಅಕ್ಟೋಬರ್‌ನಂಥ ವಾರದಲ್ಲಿ ಗಿರಾಕಿಗೆ ಇದು ನಿಜಕ್ಕೂ ಒಳ್ಳೆಯದು. ಏರಿಳಿತದ ಭಾರವನ್ನು ಅಂಗಡಿ ಹೊರುತ್ತದೆ. ಆದರೆ ಆ ಭಾರಕ್ಕೂ ಒಂದು ಖರ್ಚಿದೆ, ಅದೂ ಮತ್ತೆ ಮಜೂರಿಯಲ್ಲೇ ಕೂರುವ ಸಾಧ್ಯತೆ ಜಾಸ್ತಿ.

ಇಂದಿನ ದರದಲ್ಲಿ ಸೀಸನ್ನಿನ ಪಾಲು ಎಷ್ಟು ಅಂತ ನೀವೇ ಅಳೆಯಬಹುದು. ಅವತ್ತು ಒಂದು ಔನ್ಸ್ ಚಿನ್ನಕ್ಕೆ ಎಷ್ಟು ಡಾಲರ್, ಒಂದು ಡಾಲರಿಗೆ ಎಷ್ಟು ರೂಪಾಯಿ, ಸುಂಕ ಎಷ್ಟು ಅಂತ ಹಾಕಿ ಮೇಲಿನ ಹಾಗೆ ಲೆಕ್ಕ ಮಾಡಿ. ಬಂದ ಅಂಕಿಯನ್ನು 24 ಕ್ಯಾರೆಟ್‌ನ ಸ್ಥಳೀಯ ದರದ ಜೊತೆ ಇಟ್ಟು ನೋಡಿ. ಎರಡೂ ಜಿಎಸ್‌ಟಿ ಇಲ್ಲದ ದರ ಆಗಿರಬೇಕು, ಎರಡೂ ಒಂದೇ ಹೊತ್ತಿನವಾಗಿರಬೇಕು. ಇಲ್ಲಿ ತಪ್ಪಾಗುವುದು ಸಾಮಾನ್ಯ. ಬೆಳಿಗ್ಗೆಯ ಬೋರ್ಡನ್ನು ರಾತ್ರಿಯ ಡಾಲರ್ ದರದ ಜೊತೆ ಹೋಲಿಸಿದರೆ ಇಲ್ಲದ ಪ್ರೀಮಿಯಂ ಕಾಣುತ್ತದೆ. ಉಳಿದ ವ್ಯತ್ಯಾಸ ಶೇ 1ರೊಳಗೆ ಇದ್ದರೆ ಅದು ಮಾಮೂಲಿ ಸೀಸನ್.

ರೂಪಾಯಿಯ ಮೂಲಕ ಬರುವ ಸುತ್ತು

ಸೀಸನ್ ಮೂಲ ದರಕ್ಕೆ ತಾಗುವ ಒಂದು ದಾರಿ ಮಾತ್ರ ಉಳಿಯಿತು. ಅದು ನಿಧಾನದ್ದು. ವಾಣಿಜ್ಯ ಸಚಿವಾಲಯದ ಅಂಕಿಯ ಪ್ರಕಾರ 2025ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಚಿನ್ನದ ಆಮದು 14.7 ಬಿಲಿಯನ್ ಡಾಲರ್ ದಾಟಿತು. ಹಿಂದಿನ ವರ್ಷದ ಅದೇ ತಿಂಗಳು 5 ಬಿಲಿಯನ್ನಿನ ಆಸುಪಾಸು ಇತ್ತು. ಆ ತಿಂಗಳ ವ್ಯಾಪಾರ ಕೊರತೆ 41.7 ಬಿಲಿಯನ್ ಡಾಲರ್ ತಲುಪಿ ದಾಖಲೆ ಬರೆಯಿತು.

ಇಷ್ಟು ಚಿನ್ನಕ್ಕೆ ಕೊಡಬೇಕಾದ್ದು ಡಾಲರ್. ಆಮದುದಾರರು ರೂಪಾಯಿ ಮಾರಿ ಡಾಲರ್ ಕೊಳ್ಳುತ್ತಾರೆ. ಆಗ ರೂಪಾಯಿಯ ಮೇಲೆ ಭಾರ ಬೀಳುತ್ತದೆ. ರೂಪಾಯಿ ಒಂದು ಇಳಿದರೆ ಗ್ರಾಂಗೆ 136 ಏರುತ್ತದೆ ಅಂತ ಆಗಲೇ ನೋಡಿದೆವು. ಹೀಗೆ ದೀಪಾವಳಿಯ ಖರೀದಿ ಪ್ರೀಮಿಯಂ ಆಗಿ ಹಬ್ಬದ ವಾರ ಕಾಣದೇ ಇದ್ದರೂ, ವಿನಿಮಯ ದರದ ದಾರಿ ಹಿಡಿದು ವಾರಗಳ ನಂತರ ಸಂಕ್ರಾಂತಿಯ ಮದುವೆ ಗಿರಾಕಿಯ ಬಿಲ್ಲಿಗೆ ಬಂದು ಸೇರಬಹುದು. ರೂಪಾಯಿಯನ್ನು ಎಳೆಯುವ ಶಕ್ತಿಗಳು ಬೇರೆಯೂ ಇವೆ. ತೈಲ, ವಿದೇಶಿ ಹೂಡಿಕೆಯ ಹರಿವು, ರಿಸರ್ವ್ ಬ್ಯಾಂಕಿನ ಮಧ್ಯಪ್ರವೇಶ. ಹಾಗಾಗಿ ಇಷ್ಟು ಪೈಸೆ ಚಿನ್ನದಿಂದಲೇ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಆದರೆ ಇಂಥ ತಿಂಗಳ ಅಂಕಿ ಬಂದಾಗಲೆಲ್ಲ ಆಮದು ಸುಂಕ ಮತ್ತೆ ಏರುತ್ತದಾ ಎಂಬ ಮಾತು ಏಳುತ್ತದೆ. 2013ರಲ್ಲೂ ಕಥೆ ಶುರುವಾಗಿದ್ದು ಇಂಥದ್ದೇ ಒಂದು ಕೊರತೆಯ ಅಂಕಿಯಿಂದ.